ಮೊತ್ತ ಅದೇ, ಮನೆ ಬೇರೆ

ಅಪಾರ್ಟ್‌ಮೆಂಟ್ ಸಂಘದ ವಾಟ್ಸಾಪ್ ಗುಂಪಿನಲ್ಲಿ ವಾರವಿಡೀ ಬಿದ್ದ ಸಂದೇಶಗಳನ್ನು ತಿದ್ದಿ ನೋಟಿಸ್ ಬೋರ್ಡಿಗೆ ಹಾಕುವ ಕೆಲಸ ಸಾಮಾನ್ಯವಾಗಿ ಒಬ್ಬರ ತಲೆಗೇ ಬೀಳುತ್ತದೆ. ಅವುಗಳಲ್ಲಿ ಒಂದು ಹೀಗಿದೆ ಎಂದುಕೊಳ್ಳಿ: ‘203ರವ್ರದ್ದು 3500 ಬಾಕಿ, 302ರವ್ರದ್ದು 5300. ಶೃತಿ ಮೇಡಂ ಹತ್ರ ಶುಕ್ರವಾರದೊಳಗೆ ಕೊಡ್ಬೇಕಂತೆ.’

ತಿದ್ದಿದ ಮೇಲೆ: ‘302ನೇ ಮನೆಯವರು ರೂ. 3,500 ಹಾಗೂ 203ನೇ ಮನೆಯವರು ರೂ. 5,300 ಬಾಕಿ ಮೊತ್ತವನ್ನು ಶುಕ್ರವಾರದಂದು ಶ್ರುತಿ ಅವರಿಗೆ ಪಾವತಿಸತಕ್ಕದ್ದು.’

ಓದಲು ಸೊಗಸಾಗಿದೆ. ತಪ್ಪು ಮಾತ್ರ ಮೂರು.

ತಿದ್ದುವವರ ಗಮನವೆಲ್ಲ ವಾಕ್ಯದ ಮೇಲಿರುತ್ತದೆ. ಕಾಗುಣಿತ ತಪ್ಪಿದರೆ ಕಣ್ಣಿಗೆ ಚುಚ್ಚುತ್ತದೆ, 203 ಇದ್ದಲ್ಲಿ 302 ಬಂದರೆ ಚುಚ್ಚುವುದಿಲ್ಲ. ಹಾಗಾಗಿ ತಿದ್ದುವ ಮೊದಲೇ ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಕೊಟ್ಟು, ಅದರೊಳಗಿನ ಅಂಕಿ, ಹೆಸರು, ಗಡುವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ‘ಒಂದೂವರೆ ಸಾವಿರ’ ಎಂದು ಅಕ್ಷರದಲ್ಲಿ ಬಂದದ್ದೂ ಅಂಕಿಯೇ. ತಿದ್ದಿದ ಪ್ರತಿಯಿಂದ ಇನ್ನೊಂದು ಪಟ್ಟಿ ಮಾಡಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಹಳೆಯದರಲ್ಲಿದ್ದು ಹೊಸದರಲ್ಲಿ ಇಲ್ಲದ್ದು ಯಾವುದು, ಹೊಸದರಲ್ಲಿ ತಾನಾಗಿ ಹುಟ್ಟಿಕೊಂಡದ್ದು ಯಾವುದು ಎಂದು ಎರಡೂ ಕಡೆಯಿಂದ ಹುಡುಕಬೇಕು.

ಆದರೆ ಮೇಲಿನ ಉದಾಹರಣೆಯಲ್ಲಿ ಬರೀ ಅಂಕಿಗಳ ಪಟ್ಟಿ ಕೈಕೊಡುತ್ತದೆ. ನಾಲ್ಕು ಅಂಕಿಗಳೂ ಇವೆ, ಬಾಕಿಯ ಒಟ್ಟು ಮೊತ್ತ ಎರಡು ಕಡೆಯೂ 8,800. ಅದಲುಬದಲು ಆದದ್ದು ಯಾವ ಮನೆಗೆ ಎಷ್ಟು ಎಂಬುದು. ಆದ್ದರಿಂದ ಹಾಳೆಯಲ್ಲಿ ‘203 – 3500’ ಎಂದು ಜೋಡಿಯಾಗಿಯೇ ಬರೆಯಬೇಕು. ಇಬ್ಬರಿದ್ದರೆ ಇನ್ನೂ ಸಲೀಸು: ಒಬ್ಬರು ಮೂಲ ಸಂದೇಶವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ನೋಟಿಸಿನ ಮೇಲೆ ಬೆರಳಿಟ್ಟು ಗುರುತು ಹಾಕುತ್ತ ಹೋಗಲಿ.

ಇನ್ನು ಹೆಸರು. ನಿಘಂಟಿನ ಪ್ರಕಾರ ‘ಶ್ರುತಿ’ಯೇ ಸರಿ, ಆದರೆ ಆಕೆ ತನ್ನ ಹೆಸರನ್ನು ‘ಶೃತಿ’ ಎಂದು ಬರೆಯುತ್ತಿದ್ದರೆ ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ. ಈ ಚಾಳಿ ಯಂತ್ರಕ್ಕೂ ಇತ್ತು. ಹಿಂದೆ ಕೆಲವು ಕಾಗುಣಿತ ತಂತ್ರಾಂಶಗಳು ‘ಕೋಆಪರೇಷನ್’ ಎಂಬ ಇಂಗ್ಲಿಷ್ ಪದವನ್ನು ಕ್ಯಾಲಿಫೋರ್ನಿಯಾದ ‘ಕುಪರ್ಟಿನೊ’ ಊರಿನ ಹೆಸರಾಗಿ ಬದಲಿಸಿ, ಯುರೋಪಿಯನ್ ಒಕ್ಕೂಟದ ದಾಖಲೆಗಳೊಳಗೂ ನುಸುಳಿಸಿದ್ದವು.

ಎಲ್ಲಕ್ಕಿಂತ ಕಷ್ಟದ್ದು ಗಡುವು. ‘ಶುಕ್ರವಾರದೊಳಗೆ’ ಎಂದರೆ ಗುರುವಾರವೂ ಕೊಡಬಹುದು, ‘ಶುಕ್ರವಾರದಂದು’ ಎಂದರೆ ಆ ಒಂದೇ ದಿನ. ‘ನಾಳೆ’, ‘ನಾಡಿದ್ದು’ ಎಂದಿದ್ದರೆ ಸಂದೇಶ ಬಂದ ದಿನದಿಂದ ಎಣಿಸಬೇಕೇ ಹೊರತು ತಿದ್ದಲು ಕುಳಿತ ದಿನದಿಂದಲ್ಲ. ರಾತ್ರಿ 12.10ಕ್ಕೆ ಬಂದ ‘ನಾಳೆ’ಯಂತೂ ಯಾವ ಪಟ್ಟಿಯಿಂದಲೂ ಬಗೆಹರಿಯದು, ಕಳಿಸಿದವರಿಗೇ ಫೋನ್ ಮಾಡಿ ತಾರೀಖು ಕೇಳಬೇಕು.