ಆಲ್ಫಾ ಹೇಳುವುದೆಷ್ಟು? ಗೋವಾದ ಅಧ್ಯಯನವೂ ವಾಸ್ಕೋದ ಕನ್ನಡವೂ

ವಿಕ್ರಂ ಪಟೇಲ್ ಮತ್ತು ಅವರ ಸಹಸಂಶೋಧಕರು 2008ರಲ್ಲಿ ‘ಸೈಕಲಾಜಿಕಲ್ ಮೆಡಿಸಿನ್’ ನಿಯತಕಾಲಿಕೆಯಲ್ಲಿ ಗೋವಾದ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪ್ರಾಥಮಿಕ ಚಿಕಿತ್ಸೆಗೆ ಬಂದಿದ್ದ 598 ಮಂದಿಯಲ್ಲಿ ಖಿನ್ನತೆ, ಆತಂಕದಂತಹ ಸಾಮಾನ್ಯ ಮನೋವ್ಯಾಧಿಗಳನ್ನು ಗುರುತಿಸಲು ಐದು ಪ್ರಶ್ನಾವಳಿಗಳು ಎಷ್ಟರಮಟ್ಟಿಗೆ ಶಕ್ತವೆಂಬುದನ್ನು ಅದು ಪರಿಶೀಲಿಸಿತು. ಐದಕ್ಕೂ ಆಂತರಿಕ ಸುಸಂಗತತೆ ಉತ್ತಮವಾಗಿತ್ತು. ರೋಗವುಳ್ಳವರನ್ನೂ ಇಲ್ಲದವರನ್ನೂ ಬೇರ್ಪಡಿಸುವ ಶಕ್ತಿ ಮಧ್ಯಮದಿಂದ ಉನ್ನತ ಮಟ್ಟದಲ್ಲಿತ್ತು. ಹಾಗಿದ್ದರೆ ಇವುಗಳಲ್ಲೊಂದನ್ನು ಕನ್ನಡಿಸಿ, ವಾಸ್ಕೋದ ಕನ್ನಡ ಕಾರ್ಮಿಕ ಕುಟುಂಬಗಳಲ್ಲಿ ಬಳಸಿ, ಅದರ ಪ್ರಾಮಾಣ್ಯಕ್ಕೆ ಈ ಲೇಖನವನ್ನು ಉಲ್ಲೇಖಿಸಬಹುದೇ? ಉತ್ತರಿಸುವ ಮುನ್ನ ಆಂತರಿಕ ಸುಸಂಗತತೆ ಮತ್ತು ಸಿಂಧುತ್ವ ಎಂಬ ಎರಡು ಗುಣಗಳನ್ನು ಬೇರ್ಪಡಿಸಿ ನೋಡಬೇಕು.

ಆಂತರಿಕ ಸುಸಂಗತತೆಯೆಂದರೆ ಒಂದೇ ಪ್ರಶ್ನಾವಳಿಯ ಪ್ರಶ್ನೆಗಳಿಗೆ ಬರುವ ಉತ್ತರಗಳು ಜೊತೆಜೊತೆಯಾಗಿ ಏರಿಳಿಯುವ ಪ್ರಮಾಣ. ಅದನ್ನು ಸಾಮಾನ್ಯವಾಗಿ ಕ್ರೋನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಗುಣಾಂಕದಿಂದ ಸೂಚಿಸುತ್ತಾರೆ, 0.7ನ್ನು ಮೀರಿದರೆ ತೃಪ್ತಿಕರವೆನ್ನುವುದು ವಾಡಿಕೆ. ಆದರೆ ಈ ಸಂಖ್ಯೆ ಪ್ರಶ್ನೆಗಳ ಸಂಖ್ಯೆಯನ್ನೂ ಅವಲಂಬಿಸಿದೆ. ಪ್ರಶ್ನೆಗಳ ನಡುವಿನ ಸರಾಸರಿ ಸಹಸಂಬಂಧ 0.3 ಇದ್ದಾಗ ಆರು ಪ್ರಶ್ನೆಗಳಿಗೆ ಆಲ್ಫಾ 0.72, ಹನ್ನೆರಡಕ್ಕೆ 0.84. ಪ್ರಶ್ನೆಗಳ ನಂಟು ಬಲಗೊಂಡಿಲ್ಲ, ಪಟ್ಟಿಯಷ್ಟೇ ಉದ್ದವಾಗಿದೆ.

ಆಲ್ಫಾ ಮರೆಮಾಚಬಲ್ಲ ಇನ್ನೊಂದು ಸಂಗತಿಯಿದೆ. ಆ ಐದರಲ್ಲೊಂದಾದ ಸಾಮಾನ್ಯ ಆರೋಗ್ಯ ಪ್ರಶ್ನಾವಳಿಯ ಹನ್ನೆರಡು ಪ್ರಶ್ನೆಗಳಲ್ಲಿ ಆರು ಸ್ವಾಸ್ಥ್ಯವನ್ನು, ಆರು ಸಂಕಟವನ್ನು ಕುರಿತು ಕೇಳುತ್ತವೆ. ಪ್ರತಿಯೊಂದು ಗುಂಪಿನ ಒಳಗೆ ಸಹಸಂಬಂಧ 0.5, ಗುಂಪುಗಳ ನಡುವೆ ಕೇವಲ 0.1 ಎಂದು ಭಾವಿಸೋಣ. ಆಗ ಹನ್ನೆರಡು ಪ್ರಶ್ನೆಗಳು ಬಹುಮಟ್ಟಿಗೆ ಎರಡು ಬೇರೆ ಸಂಗತಿಗಳನ್ನು ಅಳೆಯುತ್ತಿರುತ್ತವೆ. ಆದರೂ ಆಲ್ಫಾ 0.82 ಬರುತ್ತದೆ. ಆದ್ದರಿಂದ ಆಲ್ಫಾ ಒಂದನ್ನೇ ವರದಿ ಮಾಡಿದ ಲೇಖನವನ್ನು ಓದುವಾಗ ಎರಡು ಗುಂಪುಗಳ ನಡುವಿನ ಸಹಸಂಬಂಧವನ್ನೂ ಹುಡುಕಬೇಕು.

ಸಿಂಧುತ್ವದ ಪ್ರಶ್ನೆ ಬೇರೆ: ಪ್ರಶ್ನಾವಳಿ ಗುರುತಿಸಿದವರಿಗೆ ನಿಜಕ್ಕೂ ವ್ಯಾಧಿಯಿದೆಯೇ? ಇದಕ್ಕೆ ಪಟ್ಟಿಯ ಹೊರಗಿನ ಸಾಕ್ಷ್ಯ ಬೇಕು. ಗೋವಾದ ಅಧ್ಯಯನದಲ್ಲಿ ಆ ಸಾಕ್ಷ್ಯವನ್ನು ಒದಗಿಸಿದ್ದು ಒಂದು ವಿಸ್ತೃತ ರಚಿತ ಸಂದರ್ಶನ. ಅದಕ್ಕೆ ಹೋಲಿಸಿದಾಗ, ಪ್ರಶ್ನಾವಳಿಗಳು ‘ವ್ಯಾಧಿಯಿದೆ’ ಎಂದು ಗುರುತಿಸಿದವರಲ್ಲಿ ನಿಜಕ್ಕೂ ವ್ಯಾಧಿಯಿದ್ದವರ ಪಾಲು ಶೇಕಡಾ 51ರಿಂದ 77. ಇಂತಹ ಪಾಲು ಪ್ರಶ್ನಾವಳಿಯನ್ನಷ್ಟೇ ಅಲ್ಲ, ವ್ಯಾಧಿಯ ವ್ಯಾಪ್ತಿಯನ್ನೂ ಅನುಸರಿಸಿ ಬದಲಾಗುತ್ತದೆ. ಕಾರಣವನ್ನು ಸರಳ ಲೆಕ್ಕದಲ್ಲಿ ಕಾಣಬಹುದು. ಪ್ರಶ್ನಾವಳಿಯೊಂದು ರೋಗಿಗಳಲ್ಲಿ ಶೇಕಡಾ 80ರಷ್ಟು ಮಂದಿಯನ್ನೂ, ಆರೋಗ್ಯವಂತರಲ್ಲಿ ಶೇಕಡಾ 80ರಷ್ಟು ಮಂದಿಯನ್ನೂ ಸರಿಯಾಗಿ ಗುರುತಿಸುತ್ತದೆಂದು ಇಟ್ಟುಕೊಳ್ಳೋಣ. ಸಾವಿರ ಜನರಲ್ಲಿ 200 ರೋಗಿಗಳಿದ್ದರೆ 160 ಮಂದಿ ಸರಿಯಾಗಿ, ಇನ್ನೂ 160 ಮಂದಿ ತಪ್ಪಾಗಿ ರೋಗಿಗಳೆನಿಸಿಕೊಳ್ಳುತ್ತಾರೆ. ಗುರಿ ಅರ್ಧಕ್ಕರ್ಧ ತಪ್ಪುತ್ತದೆ. 400 ರೋಗಿಗಳಿದ್ದರೆ 320 ಸರಿ, 120 ತಪ್ಪು. ನಿಖರತೆ ಶೇಕಡಾ 73ಕ್ಕೇರುತ್ತದೆ. ಪ್ರಶ್ನಾವಳಿ ಬದಲಾಗಿಲ್ಲ, ಜನಸಮೂಹ ಬದಲಾಗಿದೆ. ಸಿಂಧುತ್ವವು ಪ್ರಶ್ನಾವಳಿಗೆ ಅಂಟಿದ ಶಾಶ್ವತ ಗುಣವಲ್ಲ. ನಿರ್ದಿಷ್ಟ ಪಠ್ಯ, ನಿರ್ದಿಷ್ಟ ಜನ, ನಿರ್ದಿಷ್ಟ ಉದ್ದೇಶ ಇವುಗಳ ಸಂಬಂಧದಲ್ಲಷ್ಟೇ ಅದಕ್ಕೆ ಅರ್ಥ.

2011ರ ಜನಗಣತಿಯಂತೆ ಗೋವಾದ ಜನಸಂಖ್ಯೆಯಲ್ಲಿ ಶೇಕಡಾ ನಾಲ್ಕಕ್ಕಿಂತ ಹೆಚ್ಚು ಮಂದಿಯ ಮಾತೃಭಾಷೆ ಕನ್ನಡ. ವಾಸ್ಕೋದ ಬೈನಾದಂತಹ ಬಡಾವಣೆಗಳಲ್ಲಿ ಉತ್ತರ ಕರ್ನಾಟಕದಿಂದ ದುಡಿಮೆಗೆ ಬಂದವರು ನೆಲೆಸಿದ್ದಾರೆ. ಇವರಿಗೆ ಆ ಹನ್ನೆರಡು ಪ್ರಶ್ನೆಗಳನ್ನು ಓದಿ ಹೇಳುವಾಗ ತೊಡಕು ಹುಟ್ಟುವುದು ಉತ್ತರದ ಆಯ್ಕೆಗಳಲ್ಲಿ. ಸಂಕಟದ ಪ್ರಶ್ನೆಗಳಿಗೆ ‘ಇಲ್ಲವೇ ಇಲ್ಲ’ ಎಂಬುದು ಒಂದು ಉತ್ತರವಾದರೆ, ‘ಎಂದಿಗಿಂತ ಹೆಚ್ಚೇನೂ ಇಲ್ಲ’ ಎಂಬುದು ಇನ್ನೊಂದು. ಕಿವಿಗೆ ಎರಡೂ ‘ಇಲ್ಲ’ದಲ್ಲೇ ಮುಗಿಯುತ್ತವೆ. ಪ್ರಚಲಿತ ದ್ವಿಮಾನ ಅಂಕನ ಕ್ರಮದಲ್ಲಿ ಎರಡಕ್ಕೂ ಸೊನ್ನೆಯೇ. ವರ್ಷಗಳಿಂದ ನಿದ್ದೆಗೆಟ್ಟವರಿಗೆ ‘ಎಂದಿನ’ ಸ್ಥಿತಿಯೇ ನಿದ್ದೆಗೇಡು. ಅವರು ಪ್ರಾಮಾಣಿಕವಾಗಿ ‘ಎಂದಿಗಿಂತ ಹೆಚ್ಚೇನೂ ಇಲ್ಲ’ ಎಂದಾಗ ನೆಮ್ಮದಿಯಿಂದ ಮಲಗುವವರ ಅಂಕವನ್ನೇ ಪಡೆಯುತ್ತಾರೆ. ಹೀಗೆ ಎಲ್ಲ ಸಂಕಟ ಪ್ರಶ್ನೆಗಳಿಗೂ ಒಂದೇ ಬಗೆಯ ಉತ್ತರ ಬಂದರೆ ಆಲ್ಫಾ ಕುಗ್ಗಬೇಕಿಲ್ಲ, ಹೆಚ್ಚಲೂಬಹುದು. ತಪ್ಪು ಕೂಡ ಸುಸಂಗತವಾಗಿರಬಲ್ಲದು.

ಇದನ್ನು ಪತ್ತೆಹಚ್ಚುವ ಮಾರ್ಗ ಸಂಖ್ಯಾಶಾಸ್ತ್ರಕ್ಕಿಂತ ಮೊದಲು ಭಾಷೆಯದು. ಅನುವಾದವನ್ನು ಬೇರೊಬ್ಬರಿಂದ ಮೂಲಭಾಷೆಗೆ ಮರಳಿ ಅನುವಾದಿಸಿದರೆ ಪದದೋಷಗಳು ಕಾಣುತ್ತವೆ, ಆದರೆ ‘ಎಂದಿನಂತೆ’ಯ ತೊಡಕು ಕಾಣದು, ಆ ಪದ ಎರಡೂ ಕಡೆ ಸರಿಯಾಗಿಯೇ ಇರುತ್ತದೆ. ಆದುದರಿಂದ ಕೆಲವರಿಗೆ ಪ್ರಶ್ನೆಯನ್ನು ಓದಿ, ಅದನ್ನು ಅವರದೇ ಮಾತಿನಲ್ಲಿ ಹೇಳಿಸಿ, ಯಾವ ಕಾಲವನ್ನು ನೆನೆದು ‘ಎಂದಿನಂತೆ’ ಎಂದರೆಂದು ಕೇಳಬೇಕು. ಆನಂತರ ಎರಡೂ ಗುಂಪುಗಳ ಆಲ್ಫಾವನ್ನು ಪ್ರತ್ಯೇಕವಾಗಿ ಲೆಕ್ಕಹಾಕಬೇಕು. ಕೊನೆಗೆ ಹೆಚ್ಚು ಅಂಕ ಪಡೆದವರನ್ನಷ್ಟೇ ಅಲ್ಲದೆ ಸೊನ್ನೆ ಪಡೆದವರಲ್ಲೂ ಕೆಲವರನ್ನು ಕನ್ನಡ ಬಲ್ಲ ತಜ್ಞರು ಸಂದರ್ಶಿಸಬೇಕು. ಪ್ರಶ್ನಾವಳಿ ಯಾರನ್ನು ಕೈಬಿಟ್ಟಿತೆಂಬುದು ತಿಳಿಯುವುದು ಅಲ್ಲಿಯೇ. 2008ರ ಲೇಖನ ಈ ವಿಧಾನಕ್ಕೆ ಮಾದರಿಯಾಗಬಲ್ಲದು. ಅದರ ಫಲಿತಾಂಶ ಕನ್ನಡ ಪಠ್ಯಕ್ಕೆ ಪ್ರಮಾಣಪತ್ರವಾಗದು.