ಸ್ಯಾಪ್ ಗೊತ್ತಿಲ್ಲದವರ ಇಂಟರ್‌ವ್ಯೂ

ಅಕೌಂಟ್ಸ್ ಹುದ್ದೆಯ ಜಾಹೀರಾತಿನಲ್ಲಿ ‘ಸ್ಯಾಪ್ ಅನುಭವ ಕಡ್ಡಾಯ’ ಎಂದಿದ್ದರೆ, ವರ್ಷಗಟ್ಟಲೆ ಟ್ಯಾಲಿಯಲ್ಲಿ ದುಡಿದವರು ಅರ್ಜಿ ಹಾಕುವುದನ್ನೇ ಬಿಡುತ್ತಾರೆ, ಇಲ್ಲವೇ ರೆಸ್ಯೂಮೆಯಲ್ಲಿ ‘ಬೇಸಿಕ್ ನಾಲೆಜ್’ ಎಂದು ಸೇರಿಸುತ್ತಾರೆ. ಈ ಎರಡನೆಯದು ಮೊದಲ ಫೋನ್ ಕರೆಯನ್ನು ದಾಟಿಸೀತು. ಮುಂದಿನ ಸುತ್ತಿನಲ್ಲಿ ಅಕೌಂಟ್ಸ್ ಮ್ಯಾನೇಜರ್ ‘ವೆಂಡರ್ ಬಿಲ್ ಎಲ್ಲಿ ಹಾಕ್ತೀರಿ?’ ಎಂದು ಕೇಳುತ್ತಾರೆ. ದಿನವೂ ಸ್ಯಾಪ್ ಬಳಸುವವರಾದರೆ ಪರ್ಚೇಸ್ ಆರ್ಡರ್ ಇಲ್ಲದ ಬಿಲ್ಲಿಗೆ FB60, ಇದ್ದರೆ MIRO ಎಂದು ಯೋಚಿಸದೆ ಹೇಳುತ್ತಾರೆ. ತಡವರಿಸಿದವರ ‘ಬೇಸಿಕ್’ ಅಲ್ಲಿಗೆ ಮುಗಿಯಿತು. ಟ್ಯಾಲಿ ಬಗ್ಗೆ ಹೇಳಿದ್ದರ ಮೇಲೂ ಅನುಮಾನ ಬರುತ್ತದೆ.

ಬದಲಿಗೆ, ಮೊದಲ ಕರೆಯಲ್ಲೇ ಒಬ್ಬಾಕೆ ಹೀಗೆ ಹೇಳಿದರು ಎಂದುಕೊಳ್ಳಿ: ‘ಇಲ್ಲ ಸರ್, ಸ್ಯಾಪ್‌ನಲ್ಲಿ ಕೆಲಸ ಮಾಡಿಲ್ಲ. ಆರು ವರ್ಷ ಟ್ಯಾಲಿ. ಹೋದ ವರ್ಷ ನಮ್ಮ ಕಂಪನಿ ಟ್ಯಾಲಿ ಬಿಟ್ಟು ಜೋಹೊ ಬುಕ್ಸ್‌ಗೆ ಹೋಯ್ತು. ಮೊದಲ ವಾರ ಪರ್ಚೇಸ್ ಬಿಲ್ ಮಾತ್ರ ಹಾಕಿದೆ, ಸೀನಿಯರ್ ಪ್ರತಿಯೊಂದನ್ನೂ ನೋಡ್ತಿದ್ರು. ಮೂರನೇ ವಾರಕ್ಕೆ ಬ್ಯಾಂಕ್ ರಿಕನ್ಸಿಲಿಯೇಷನ್ ನನಗೇ ಬಿಟ್ರು. ಆ ತಿಂಗಳ ಜಿಎಸ್‌ಟಿ ರಿಟರ್ನ್ ಲೆಕ್ಕ ನಾನೇ ತೆಗೆದೆ.’

‘ಇಲ್ಲ’ ಎಂಬುದು ಇಲ್ಲಿ ಮೊದಲೇ ಬಂದಿದೆ, ಸುತ್ತಿ ಬಳಸಿ ಹೇಳಿಲ್ಲ. ‘ಬೇಗ ಕಲಿತೀನಿ ಸರ್’ ಎಂದು ಎಲ್ಲರೂ ಹೇಳುತ್ತಾರೆ. ಆ ಮಾತನ್ನು ಎಚ್‌ಆರ್ ಬರೆದುಕೊಳ್ಳುವುದೂ ಇಲ್ಲ. ಕರೆ ಮಾಡಿದವರಿಗೆ ಸಾಮಾನ್ಯವಾಗಿ ಅಕೌಂಟ್ಸ್ ಗೊತ್ತಿರುವುದಿಲ್ಲ, ಮ್ಯಾನೇಜರ್‌ಗೆ ದಾಟಿಸಲು ಒಂದು ಸಾಲು ಬೇಕಿರುತ್ತದೆ. ‘ಹೊಸ ಸಾಫ್ಟ್‌ವೇರ್, ಮೂರು ವಾರಕ್ಕೆ ಬ್ಯಾಂಕ್ ರಿಕೋ’ ಎಂಬುದು ಅಂಥ ಸಾಲು. ಅಷ್ಟರಿಂದಲೇ ಮ್ಯಾನೇಜರ್ ಉಳಿದದ್ದನ್ನು ಊಹಿಸಿಕೊಳ್ಳುತ್ತಾರೆ.

ಆದರೆ ಜೋಹೊ ಕಲಿತ ವೇಗದಲ್ಲೇ ಸ್ಯಾಪ್ ಕಲಿಯುತ್ತೇನೆ ಎನ್ನುವುದು ಅತಿಯಾಯಿತು. ಡೆಬಿಟ್, ಕ್ರೆಡಿಟ್, ಟಿಡಿಎಸ್ ಎಲ್ಲ ಕಡೆ ಒಂದೇ, ಕೈಯ ಅಭ್ಯಾಸ ಬೇರೆ. ಟ್ಯಾಲಿಯಲ್ಲಿ ಮೊತ್ತ ತಪ್ಪಾದರೆ ವೋಚರ್ ತೆರೆದು ತಿದ್ದಬಹುದು, ಎಡಿಟ್ ಲಾಗ್‌ನಲ್ಲಿ ಅದರ ಗುರುತು ಉಳಿಯುತ್ತದೆ, ಅಷ್ಟೆ. ಸ್ಯಾಪ್‌ನಲ್ಲಿ ಪೋಸ್ಟ್ ಆದ ಮೇಲೆ ಮೊತ್ತ ಬದಲಿಸಲಾಗದು. FB60ರಲ್ಲಿ ಹಾಕಿದ್ದನ್ನು FB08ರಲ್ಲಿ ರಿವರ್ಸ್ ಮಾಡಿ ಮತ್ತೆ ಹೊಸದಾಗಿ ಹಾಕಬೇಕು. ಈ ವ್ಯತ್ಯಾಸವನ್ನು ಅಭ್ಯರ್ಥಿ ತಾನಾಗಿ ಎತ್ತಿದರೆ, ತನಗೆ ಏನು ಗೊತ್ತಿಲ್ಲ ಎಂಬುದನ್ನು ತಿಳಿದುಕೊಂಡೇ ಬಂದಿದ್ದಾರೆ ಎಂದು ಮ್ಯಾನೇಜರ್‌ಗೆ ಅರ್ಥವಾಗುತ್ತದೆ.

ಆನ್‌ಲೈನ್ ಫಾರ್ಮಿನಲ್ಲಿ ‘ಸ್ಯಾಪ್ ಅನುಭವ ಎಷ್ಟು ವರ್ಷ’ ಎಂದು ಕೇಳಿದರೆ 0 ಎಂದೇ ಬರೆಯಬೇಕು. ಆಗ ಕರೆಯೇ ಬಾರದಿರಬಹುದು, ನಿಜ. ಕರೆ ಬಂದರೆ ಮಾತ್ರ ಒಂದು ಪ್ರಶ್ನೆ ತಿರುಗಿ ಕೇಳಿ: ‘ಟೀಮ್‌ನಲ್ಲಿ ಸ್ಯಾಪ್ ಬಲ್ಲವರು ಬೇರೆ ಯಾರಾದರೂ ಇದ್ದಾರಾ?’ ಇದ್ದರೆ ಮೊದಲ ತಿಂಗಳು ನಿಮ್ಮ ಎಂಟ್ರಿ ನೋಡುವವರು ಸಿಕ್ಕಂತಾಯಿತು. ಈಗಿರುವವರು ಮುಂದಿನ ವಾರ ಬಿಡುತ್ತಿದ್ದಾರೆ, ಆ ಜಾಗಕ್ಕೆ ಬರುವವರು ಒಬ್ಬರೇ ಎಂದಾದರೆ, ಆ ಕೆಲಸ ಸ್ಯಾಪ್ ಬಲ್ಲವರಿಗೇ ಹೋಗುವುದು ನ್ಯಾಯ.