ಉದ್ದವೂ ಉತ್ತರದ ಭಾಗವೇ

ಏರಿಕೆ ಕ್ರಮದಲ್ಲಿ ಜೋಡಿಸಿದ ಒಂದು ಅರೇ ಇದೆ ಎನ್ನೋಣ: 12, 12, 15, 15, 15, 18, 21. ಪ್ರತಿ ಸಂಖ್ಯೆಯೂ ಒಮ್ಮೆ ಮಾತ್ರ ಉಳಿಯಬೇಕು. ಇನ್ನೊಂದು ಅರೇ ಮಾಡಿಕೊಳ್ಳುವಂತಿಲ್ಲ, ಇದ್ದ ಜಾಗದಲ್ಲೇ ಕೆಲಸ ಮುಗಿಯಬೇಕು.

ನಕಲು ಸಿಕ್ಕಾಗಲೆಲ್ಲ ಅದನ್ನು ತೆಗೆದು, ಅದರ ಮುಂದಿನವನ್ನೆಲ್ಲ ಒಂದೊಂದು ಮನೆ ಹಿಂದಕ್ಕೆ ಸರಿಸುವುದು ಯಾರಿಗಾದರೂ ಮೊದಲು ಹೊಳೆಯುವ ದಾರಿ. ಒಂದು ಲಕ್ಷ ಸಂಖ್ಯೆಗಳೂ ಒಂದೇ ಆಗಿದ್ದರೆ ಈ ಸರಿಸಾಟವೇ ಸುಮಾರು 500 ಕೋಟಿ ಸಲ ನಡೆಯುತ್ತದೆ. ಅಷ್ಟು ಶ್ರಮ ಬೇಕಿಲ್ಲ. ಯಾವುದನ್ನೂ ಅಳಿಸದೆ, ಬೇಕಾದವನ್ನು ಮಾತ್ರ ಮುಂಭಾಗದಲ್ಲಿ ಬರೆಯುತ್ತ ಹೋದರೆ ಸಾಕು.

```python
def dedupe(a):
    if not a:
        return 0
    w = 1
    for r in range(1, len(a)):
        if a[r] != a[w - 1]:
            a[w] = a[r]
            w += 1
    return w
```

ಇಲ್ಲಿ `r` ಓದುತ್ತ ಸಾಗುತ್ತದೆ. ಮುಂದಿನ ಹೊಸ ಸಂಖ್ಯೆಯನ್ನು ಎಲ್ಲಿ ಬರೆಯಬೇಕೆಂದು ತೋರಿಸುವುದು `w`, ಅಂದರೆ ರೈಟ್ ಪಾಯಿಂಟರ್. ಮನೆಗಳ ಎಣಿಕೆ 0ಯಿಂದ ಶುರು. ಮೊದಲ 12 ಹೇಗೂ ಉಳಿಯುವುದರಿಂದ ಎರಡೂ 1ರಿಂದ ಹೊರಡುತ್ತವೆ. ಎರಡನೆಯ 12 ನಕಲು, ಹಾಗಾಗಿ `w` ನಿಂತಲ್ಲೇ ನಿಲ್ಲುತ್ತದೆ. ಮೊದಲ 15 ಸಿಕ್ಕಾಗ ಅದು 1ನೇ ಮನೆಗೆ ಬರುತ್ತದೆ, `w` 2 ಆಗುತ್ತದೆ. ಉಳಿದೆರಡು 15ಗಳನ್ನು ದಾಟಿದ ಮೇಲೆ 18 ಮತ್ತು 21 ಕ್ರಮವಾಗಿ 2 ಮತ್ತು 3ನೇ ಮನೆ ಸೇರುತ್ತವೆ. ಕೊನೆಗೆ `w` 4.

ಹೀಗೆ ಬರೆಯುವಾಗ ಇನ್ನೂ ಓದದ ಸಂಖ್ಯೆ ಅಳಿಸಿಹೋಗುವ ಭಯವಿಲ್ಲ. `w` ಎಂದೂ `r` ಅನ್ನು ಹಿಂದೆ ಹಾಕುವುದಿಲ್ಲ, ಬರೆಯುವುದೆಲ್ಲ ಓದಿ ಮುಗಿಸಿದ ಜಾಗದಲ್ಲೇ. ಒಂದು ಲಕ್ಷ ಸಂಖ್ಯೆಗಳಿದ್ದರೂ ಹೋಲಿಕೆಗಳು 99,999 ಮಾತ್ರ.

ಈಗ ಅರೇಯನ್ನು ಪೂರ್ತಿ ಮುದ್ರಿಸಿ ನೋಡಿದರೆ ಕಾಣುವುದು 12, 15, 18, 21, 15, 18, 21. ಕೊನೆಯ ಮೂರು ಹಳೆಯ ಉಳಿಕೆಗಳು. ಅರೇ ಕುಗ್ಗಿಲ್ಲ, ಮೊದಲ ನಾಲ್ಕು ಮನೆಗಳಷ್ಟೇ ಲೆಕ್ಕಕ್ಕೆ ಎಂದು ತಿಳಿಸುವುದು ಹಿಂತಿರುಗಿದ 4 ಎಂಬ ಉದ್ದ. ಅದನ್ನು ಕೈಬಿಟ್ಟರೆ ನಕಲುಗಳು ಮತ್ತೆ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಸಿ++ ಭಾಷೆಯ `std::unique` ಕೂಡ ಹೀಗೆಯೇ: ಹೊಸ ಕೊನೆ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಬಾಲವನ್ನು ಕತ್ತರಿಸುವುದಿಲ್ಲ. ಕತ್ತರಿಸಲು `erase` ಅನ್ನು ಬೇರೆಯಾಗಿ ಕರೆಯಬೇಕು.

ಇನ್ನೊಂದು ಮಿತಿಯೂ ಇದೆ. ಈ ವಿಧಾನ ಹೋಲಿಸಿ ನೋಡುವುದು ಕೊನೆಯದಾಗಿ ಬರೆದ ಸಂಖ್ಯೆಯೊಂದಿಗೆ ಮಾತ್ರ. ಅರೇ ಕ್ರಮದಲ್ಲಿದ್ದರೆ ಸಮಾನ ಸಂಖ್ಯೆಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಅಷ್ಟು ಸಾಕು. 5, 8, 5 ಕೊಟ್ಟರೆ ಮೂರೂ ಹಾಗೆಯೇ ಉಳಿಯುತ್ತವೆ, ದೋಷದ ಸೂಚನೆಯೂ ಬರುವುದಿಲ್ಲ. ಯೂನಿಕ್ಸ್‌ನ `uniq` ಆದೇಶವೂ ಪಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುವುದರಿಂದಲೇ ಅದಕ್ಕೂ ಮೊದಲು `sort` ಬಳಸುತ್ತಾರೆ.

ಆದ್ದರಿಂದ ಇದನ್ನು ಬರೆದು ಪರೀಕ್ಷಿಸುವವರು ಖಾಲಿ ಅರೇ, ಎಲ್ಲವೂ ಒಂದೇ ಆಗಿರುವ ಅರೇ, ಒಂದೂ ನಕಲಿಲ್ಲದ ಅರೇ, ಈ ಮೂರನ್ನೂ ಕೊಟ್ಟು ನೋಡಿ. ಫಲಿತಾಂಶ ಓದುವಾಗ `a` ಅನ್ನಲ್ಲ, `a[:w]` ಅನ್ನು ಓದಿ.